42 ಫಾಲೋವರ್ ಇದ್ದವರ ಟಿಕೆಟ್

ಆ ರಾತ್ರಿ ಆನ್‌ಕಾಲ್ ನನ್ನದೇ. ಸೋಷಿಯಲ್ ಮೀಡಿಯಾದಲ್ಲಿ ನಮ್ಮ ಬಗ್ಗೆ ಬರುವ ದೂರುಗಳನ್ನು ಒಂದು ಟೂಲ್ ಹೆಕ್ಕಿ ಟಿಕೆಟ್ ಮಾಡುತ್ತದೆ. P1 ಅಂದರೆ ಅತಿ ತುರ್ತು, P4 ಅಂದರೆ ಕೊನೆಯ ಸಾಲು. 9:40ಕ್ಕೆ P1 ಬಂತು. 2,10,000 ಫಾಲೋವರ್ ಇರುವ ಒಬ್ಬರು ನಮ್ಮ ಆ್ಯಪ್‌ನ ಹೊಸ ಐಕಾನ್ ಬಗ್ಗೆ ಕೆಂಡ ಕಾರಿದ್ದರು. ಮ್ಯಾನೇಜರ್ ಕಾಲ್‌ಗೆ ಬಂದರು, ಇನ್ನೂ ಮೂವರು ಬಂದರು. ಏನು ಉತ್ತರ ಕೊಡಬೇಕು ಅಂತ ಸುಮಾರು ಒಂದು ಗಂಟೆ ಚರ್ಚೆ ಮಾಡಿದೆವು.

ಅದೇ ಹೊತ್ತಿಗೆ P4 ಕ್ಯೂನಲ್ಲಿ ಇನ್ನೊಂದು ಟಿಕೆಟ್ ಕೂತಿತ್ತು. ಅದರಲ್ಲಿ ಇದ್ದದ್ದು ಇಷ್ಟೇ: "ಲಾಗಿನ್ ಆದರೆ ಬೇರೆ ಯಾರದ್ದೋ ವಿಳಾಸ ಕಾಣ್ತಿದೆ. ದಯವಿಟ್ಟು ಒಮ್ಮೆ ನೋಡ್ತೀರಾ?" ಬರೆದವರಿಗೆ ಇದ್ದದ್ದು 42 ಫಾಲೋವರ್. P4ಗೆ ಉತ್ತರಿಸಲು ಮೂರು ದಿನದ ಗಡುವು.

ಬೆಳಿಗ್ಗೆ ಸಪೋರ್ಟ್ ಟೀಮಿನ ಸಹೋದ್ಯೋಗಿಯೊಬ್ಬರು ಕೆಳಗಿನ ಕ್ಯೂ ಓದುತ್ತಾ ಹೋಗಿ ಇದನ್ನು ಕಂಡು ಫೋನ್ ಮಾಡಿದರು. "ಇದು P4 ಹೇಗೆ ಆಯ್ತು?" ಅಂತ ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಟಿಕೆಟ್‌ಗೆ ಆದ್ಯತೆ ಕೊಡುವ ರೂಲ್ ಬರೆದವನು ನಾನೇ.

ಹಿಂದಿನ ಸಂಜೆಯ ಡಿಪ್ಲಾಯ್‌ನಲ್ಲಿ ಪ್ರೊಫೈಲ್ ಪುಟದ `Cache-Control` ಹೆಡರ್ `private` ಇದ್ದದ್ದು `public` ಆಗಿತ್ತು. ಪುಟಗಳ ಪ್ರತಿ ಇಟ್ಟುಕೊಂಡು ಬೇಗ ತಲುಪಿಸುವ ಸಿಡಿಎನ್, ಒಬ್ಬರ ಪುಟವನ್ನು ಇಟ್ಟುಕೊಂಡು ಮುಂದೆ ಬಂದವರಿಗೆಲ್ಲ ಅದನ್ನೇ ಕೊಡುತ್ತಿತ್ತು. ಹೆಡರ್ ಸರಿ ಮಾಡಿ, ಕ್ಯಾಶ್ ಪರ್ಜ್ ಮಾಡಲು ಆರು ನಿಮಿಷ ಸಾಕಾಯಿತು. ಆದರೆ ಟಿಕೆಟ್ ಸುಮ್ನೆ ಕೂತಿದ್ದದ್ದು 11 ಗಂಟೆ. ಆ ಆರು ನಿಮಿಷವೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅಷ್ಟು ಹೊತ್ತಿನಲ್ಲಿ ಎಷ್ಟು ಜನರ ವಿಳಾಸ ಯಾರ್ಯಾರ ಕಣ್ಣಿಗೆ ಬಿತ್ತೋ?

ನಾನು ಬರೆದಿದ್ದ ರೂಲ್ ಇದು:

```
score = anger * log10(followers)
# P1 >= 4, P2 >= 2.5, P3 >= 1
```

ಸಿಟ್ಟಿನ ಅಂಕ 0ಯಿಂದ 1ರ ಒಳಗೆ ಇರುತ್ತದೆ. ಐಕಾನ್ ಬಗ್ಗೆ ಬರೆದವರ ಸಿಟ್ಟು 0.9. ಅದಕ್ಕೆ 4.79 ಬಂತು. ವಿಳಾಸದ ದೂರು ಮೆತ್ತಗಿತ್ತು, ಸಿಟ್ಟು 0.3. ಅದಕ್ಕೆ 0.49. ಸಿಟ್ಟನ್ನು ಸರಿಯಾಗಿ ಅಳೆದಿಲ್ಲ, ಅದನ್ನು ಸರಿಪಡಿಸಿದರೆ ಆಯ್ತು ಅಂತ ಮೊದಲು ಅಂದುಕೊಂಡೆ. ಕಾಗದದ ಮೇಲೆ ಲೆಕ್ಕ ಹಾಕಿದಾಗ ಎದೆ ಧಸಕ್ ಅಂದಿತು. ಸಿಟ್ಟು ಪೂರ್ತಿ 1 ಇದ್ದರೂ 42 ಫಾಲೋವರ್ ಇರುವವರಿಗೆ ಸಿಗುವುದು 1.62. P1 ಆಗಬೇಕಾದರೆ ಕನಿಷ್ಠ 10,000 ಫಾಲೋವರ್ ಬೇಕು. ಅಂದರೆ ಸಾಮಾನ್ಯ ಬಳಕೆದಾರರಿಗೆ P1 ಬಾಗಿಲನ್ನು ನಾನೇ ಮುಚ್ಚಿದ್ದೆ. ಗುಣಾಕಾರದಲ್ಲಿ ಒಂದು ಸಂಖ್ಯೆ ಸಣ್ಣದಾದರೆ ಇನ್ನೊಂದನ್ನೂ ಕೆಳಗೆ ಎಳೆಯುತ್ತದೆ. ಇಷ್ಟು ಸರಳ ವಿಷಯ ನನಗೆ ಡೆಮೊ ದಿನ ಹೊಳೆಯಲಿಲ್ಲ.

ಇನ್ನೂ ಕೆಟ್ಟದ್ದು ಆಮೇಲೆ ಸಿಕ್ಕಿತು. ಇದೇ ದೂರನ್ನು ಇನ್ನಿಬ್ಬರು ಬರೆದಿದ್ದರು. ಅವರದ್ದು ಇನ್ನೂ ಮೃದು ಮಾತು, ಸಿಟ್ಟಿನ ಅಂಕ 0.2. ನಮ್ಮಲ್ಲಿ 0.25ಕ್ಕಿಂತ ಕಡಿಮೆ ಇದ್ದರೆ ಅದನ್ನು ದೂರು ಅಂತಲೇ ಎಣಿಸುವುದಿಲ್ಲ, ಟಿಕೆಟ್ಟೇ ಆಗುವುದಿಲ್ಲ. ಟಿಕೆಟ್ ಆಗದ್ದನ್ನು ಕ್ಯೂ ಎಷ್ಟು ಓದಿದರೂ ಹುಡುಕಲು ಆಗುವುದಿಲ್ಲ ಅಲ್ವಾ? ಹೆದರಿದವರು ಎಷ್ಟೋ ಸಲ ಬೈಯುವುದಿಲ್ಲ, ಕೇಳುತ್ತಾರೆ. ನಾವು ಬೈಗುಳ ಹುಡುಕುತ್ತಿದ್ದೆವು.

ಈಗ ರೂಲ್ ಬೇರೆ. ಆದ್ಯತೆಯನ್ನು ಏನಾಗಿದೆ ಅನ್ನುವುದರ ಮೇಲೆ ಇಡುತ್ತೇವೆ. ಬೇರೆಯವರ ಮಾಹಿತಿ ಕಾಣುವುದು, ಹಣ ಎರಡು ಸಲ ಕಡಿತವಾಗುವುದು, ಖಾತೆ ಕೈತಪ್ಪುವುದು: ಈ ಮೂರನ್ನು ಸೂಚಿಸುವ ಪದಗಳು ಸಿಕ್ಕರೆ, ಸಿಟ್ಟು ಸೊನ್ನೆ ಇದ್ದರೂ ಟಿಕೆಟ್ P2 ಆಗಿ ಹುಟ್ಟುತ್ತದೆ. ಅರ್ಧ ಗಂಟೆಯಲ್ಲಿ ಅದೇ ಬಗೆಯ ಮೂರು ದೂರು ಬಂದರೆ P1. ರೀಚ್‌ನಿಂದ, ಅಂದರೆ ಫಾಲೋವರ್ ಸಂಖ್ಯೆಯಿಂದ, ಆದ್ಯತೆ ಒಂದು ಮೆಟ್ಟಿಲು ಮೇಲೆ ಹೋಗಬಹುದು, ಕೆಳಗೆ ಇಳಿಯುವಂತಿಲ್ಲ. ಐಕಾನ್‌ನಂಥ ದೂರು ಕಮ್ಯುನಿಕೇಶನ್ ಟೀಮಿಗೆ ಹೋಗುತ್ತದೆ. ಅದಕ್ಕಾಗಿ ಆನ್‌ಕಾಲ್‌ನವರನ್ನು ಎಬ್ಬಿಸುವುದಿಲ್ಲ.

ತಪ್ಪು ಎಚ್ಚರಿಕೆ ಜಾಸ್ತಿ ಆಗಿದೆ, ನಿಜ. "ಬೇರೆಯವರ ವಿಳಾಸಕ್ಕೆ ಉಡುಗೊರೆ ಕಳಿಸೋದು ಹೇಗೆ?" ಅಂತ ಯಾರಾದರೂ ಕೇಳಿದರೂ P2 ಬರುತ್ತದೆ. ಅದನ್ನು ಓದಿ ಕೆಳಗಿಳಿಸಲು ಒಂದು ನಿಮಿಷ ಬೇಕು. ಮ್ಯಾನೇಜ್‌ಮೆಂಟ್‌ಗೆ ಇದು ಇಷ್ಟವಿಲ್ಲ. ಅವರ ಡ್ಯಾಶ್‌ಬೋರ್ಡ್‌ನಲ್ಲಿ ಈಗಲೂ ರೀಚ್ ಕಾಲಂ ಮೊದಲಿಗೇ ಇದೆ. ಅದನ್ನು ತೆಗೆಯಿರಿ ಅಂತ ಎರಡು ಸಲ ಕೇಳಿದ್ದೇನೆ. ಟೂಲ್ ಕೊಡುವುದು ಫಾಲೋವರ್ ಸಂಖ್ಯೆ ಮಾತ್ರ, ನಿಜಕ್ಕೂ ಎಷ್ಟು ಜನ ನೋಡಿದರು ಅನ್ನುವುದನ್ನಲ್ಲ. ಅವರಿಗೆ ಇದನ್ನೂ ಹೇಳಿದ್ದೇನೆ.

ಹೊಸ ರೂಲ್ ಹಾಕುವ ಮುಂಚೆ ಹಿಂದಿನ ಒಂದು ತಿಂಗಳ ಎಲ್ಲಾ ಮೆನ್ಷನ್‌ಗಳನ್ನೂ ಅದರಲ್ಲಿ ಹಾಯಿಸಿ ನೋಡಿದೆ. ಟಿಕೆಟ್ ಆಗದೇ ಉಳಿದವನ್ನೂ ಬಿಡಲಿಲ್ಲ. ಹಣ ಎರಡು ಸಲ ಕಡಿತವಾದ ನಾಲ್ಕು ದೂರು ಸಿಕ್ಕವು. ನಾಲ್ಕಕ್ಕೂ ಯಾರೂ ಉತ್ತರ ಕೊಟ್ಟಿರಲಿಲ್ಲ. ಆ ನಾಲ್ವರಿಗೂ ನಾನೇ ಬರೆದೆ.