ಪೌಂಡಿನ ಸಾಲ, ರೂಪಾಯಿಯ ಸಂಬಳ

"ಪೌಂಡ್ ಏರಿದ್ರೆ ನಿಮ್ಮ ಮನೆ ಬೆಲೆನೂ ಏರುತ್ತಲ್ಲ, ಮತ್ತೆ ಯಾಕೆ ಗೊಣಗ್ತೀರಿ?"

ಇಂಗ್ಲೆಂಡಿನಲ್ಲಿರುವ ಮನೆಯ ಬೆಲೆ ನನ್ನ ಸಾಲದ ಕಂತು ಕಟ್ಟುವುದಿಲ್ಲ, ಸ್ವಾಮಿ. ಕಂತು ಕಟ್ಟುವುದು ಮೈಸೂರಿನಲ್ಲಿ ರೂಪಾಯಿಯಲ್ಲಿ ಬರುವ ನನ್ನ ಸಂಬಳ. ಕಳೆದ ವರ್ಷ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ಇದೇ ಮಾತನ್ನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದಾಗ, ಬಾಳೆಎಲೆಯ ಅಂಚಿನಲ್ಲಿ ಲೆಕ್ಕ ಬರೆದು ತೋರಿಸುವಷ್ಟು ಸಿಟ್ಟು ಬಂದಿತ್ತು. ಅಂದು ಬರೆಯದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

2019ರಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾಗ ಎರಡು ಲಕ್ಷ ಪೌಂಡ್ ಸಾಲ ಪಡೆದು ಫ್ಲ್ಯಾಟ್ ಕೊಂಡೆ. ಅವಧಿ 25 ವರ್ಷ. ಮೊದಲ ಐದು ವರ್ಷ ಬಡ್ಡಿ ಶೇ. 2ಕ್ಕೆ ಸ್ಥಿರ, ಕಂತು 848 ಪೌಂಡ್. ಪೌಂಡಿಗೆ ಸುಮಾರು 90 ರೂಪಾಯಿ ಇದ್ದುದರಿಂದ ಅದು 76 ಸಾವಿರ ರೂಪಾಯಿಯಾಗುತ್ತಿತ್ತು. ಆಮೇಲೆ ತಂದೆಯ ಅನಾರೋಗ್ಯದಿಂದ ನಾನೊಬ್ಬನೇ ಊರಿಗೆ ಮರಳಿದೆ. ಮಗಳ ಓದಿಗಾಗಿ ಅವಳೂ ಅವಳ ತಾಯಿಯೂ ಅಲ್ಲಿಯೇ ಉಳಿದ ಕಾರಣ, ಪೌಂಡಿನಲ್ಲಿ ಬಾಡಿಗೆ ಬಂದು ಪೌಂಡಿನ ಕಂತನ್ನು ತೀರಿಸುವ ದಾರಿಯೂ ಇರಲಿಲ್ಲ.

2024ರಲ್ಲಿ ಸ್ಥಿರ ಬಡ್ಡಿಯ ಅವಧಿ ಮುಗಿದಾಗ ಬಾಕಿ ಸುಮಾರು 1,67,500 ಪೌಂಡ್ ಇತ್ತು. ಹೊಸ ಬಡ್ಡಿ ಶೇ. 5.5, ಹೊಸ ಕಂತು 1,153 ಪೌಂಡ್. ಪೌಂಡ್ 107 ರೂಪಾಯಿಗೆ ಏರಿದ್ದರಿಂದ ಅದು ತಿಂಗಳಿಗೆ 1.23 ಲಕ್ಷ ರೂಪಾಯಿ. ಚಿಕ್ಕಪ್ಪನಿಗೆ ಹೇಳಬೇಕಾಗಿದ್ದುದು ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಕಿ: ಸಾಲ ಪಡೆದ ದಿನ ಅದು ರೂಪಾಯಿಯಲ್ಲಿ 1.80 ಕೋಟಿ, ಐದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೆ 1.79 ಕೋಟಿ. ಮನೆಯ ಬೆಲೆಯೂ ರೂಪಾಯಿಯಲ್ಲಿ ಏರಿದೆ, ಒಪ್ಪುತ್ತೇನೆ; ಆದರೆ ಮಾರಿದರೆ ಮಾತ್ರ ಅದು ಕೈಗೆ ಸಿಗುತ್ತದೆ, ಮಾರಿದರೆ ಮಗಳು ಎಲ್ಲಿರಬೇಕು?

ವಾಸ್ತವವಾಗಿ ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ಇಷ್ಟು ಬಡ್ಡಿ ಕೊಡುವ ಬದಲು ಬೇರೆ ಬ್ಯಾಂಕಿಗೆ ಏಕೆ ಹೋಗಲಿಲ್ಲ? 2016ರ ಮಾರ್ಚಿನಿಂದ ಬ್ರಿಟನ್ನಿನಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ, ಸಾಲ ತೀರಿಸಲು ಆಧಾರವಾದ ಆದಾಯ ಬೇರೆ ಕರೆನ್ಸಿಯಲ್ಲಿದ್ದರೆ ಪೌಂಡಿನ ಸಾಲವೂ ವಿದೇಶಿ ಕರೆನ್ಸಿಯ ಸಾಲವೆನಿಸುತ್ತದೆ. ವಿನಿಮಯ ದರ ಶೇ. 20ಕ್ಕಿಂತ ಹೆಚ್ಚು ಬದಲಾದರೆ ಗ್ರಾಹಕನನ್ನು ಎಚ್ಚರಿಸುವ ಹೊಣೆಯೂ ಬ್ಯಾಂಕಿನ ಮೇಲೆ ಬೀಳುವುದರಿಂದ, ಅನೇಕ ಬ್ಯಾಂಕುಗಳು ಈ ತಲೆನೋವೇ ಬೇಡವೆಂದು ಅಂಥ ಅರ್ಜಿಯನ್ನು ಮುಟ್ಟುವುದಿಲ್ಲ. ನಾನು ವಿಚಾರಿಸಿದ ಮೂರೂ ಕಡೆ ಮಾತು ನನ್ನ ಸಂಬಳದ ಚೀಟಿಯ ಮೇಲಿದ್ದ ರೂಪಾಯಿ ಚಿಹ್ನೆಯಲ್ಲಿಯೇ ಮುಗಿಯಿತು. ಕೊನೆಗೆ ಹಳೆಯ ಬ್ಯಾಂಕಿನಲ್ಲಿಯೇ, ಆದಾಯವನ್ನು ಮತ್ತೆ ತಪಾಸಣೆ ಮಾಡದೆ ಅದೇ ಸಾಲವನ್ನು ಹೊಸ ಬಡ್ಡಿಗೆ ಬದಲಾಯಿಸುವ 'ಪ್ರಾಡಕ್ಟ್ ಟ್ರಾನ್ಸ್‌ಫರ್' ಮಾಡಿಸಿಕೊಂಡೆ. ಅದನ್ನೂ ಬಿಟ್ಟಿದ್ದರೆ ಇದಕ್ಕಿಂತ ದುಬಾರಿಯಾದ ಬದಲಾಗುವ ಬಡ್ಡಿಗೆ ಸಾಲ ತಾನಾಗಿಯೇ ಜಾರುತ್ತಿತ್ತು.

ಊರಿಗೆ ಮರಳುವ ಮುನ್ನ, ಸಂಬಳ ಇನ್ನೂ ಪೌಂಡಿನಲ್ಲಿದ್ದಾಗಲೇ, ಹತ್ತು ವರ್ಷದ ಸ್ಥಿರ ಬಡ್ಡಿಗೆ ಬದಲಾಯಿಸಿಕೊಳ್ಳಬಹುದಿತ್ತು. ಚಿಕ್ಕಪ್ಪ ಆಗ ಅದನ್ನು ಕೇಳಿದ್ದರೆ ಅವರ ಎಲೆಗೆ ನಾನೇ ಇನ್ನೊಂದು ಹೋಳಿಗೆ ಬಡಿಸುತ್ತಿದ್ದೆ.