ಒಂದೇ ಫಂಡ್, ಎರಡು ಎನ್ಎವಿ

ಇಂದು ಬೆಳಿಗ್ಗೆ ಅಕ್ಕ ತನ್ನ ಮ್ಯೂಚುಯಲ್ ಫಂಡ್ ಸ್ಟೇಟ್‌ಮೆಂಟ್ ತೋರಿಸಿ, ಒಂದೇ ಫಂಡಿಗೆ ಎರಡು ಎನ್ಎವಿ, ಅಂದರೆ ಒಂದು ಯೂನಿಟ್‌ಗೆ ಎರಡು ಬೆಲೆ, ಏಕಿದೆ ಎಂದು ಕೇಳಿದಳು.

ಒಂದೇ ಫಂಡಿನಲ್ಲಿ ರೆಗ್ಯುಲರ್, ಡೈರೆಕ್ಟ್ ಎಂಬ ಎರಡು ಪ್ಲಾನ್‌ಗಳಿರುತ್ತವೆ. ಕೊಳ್ಳುವ ಷೇರುಗಳೂ ಫಂಡ್ ಮ್ಯಾನೇಜರೂ ಎರಡಕ್ಕೂ ಒಂದೇ. ರೆಗ್ಯುಲರ್ ಪ್ಲಾನಿನ ವೆಚ್ಚದಲ್ಲಿ ವಿತರಕರ ಕಮಿಷನ್ ಸೇರಿರುತ್ತದೆ. 2013ರ ಜನವರಿಯಿಂದ ಸೆಬಿ ಕಡ್ಡಾಯಗೊಳಿಸಿದ ಡೈರೆಕ್ಟ್ ಪ್ಲಾನಿನಲ್ಲಿ ಅದಿಲ್ಲ. ಈ ವೆಚ್ಚವನ್ನು ಪ್ರತಿದಿನವೂ ಕಳೆದ ಮೇಲೆಯೇ ಎನ್ಎವಿ ಪ್ರಕಟವಾಗುವುದರಿಂದ, ಹಣ ಹೋದದ್ದು ಹೂಡಿಕೆದಾರರ ಕಣ್ಣಿಗೆ ಬೀಳುವುದೇ ಇಲ್ಲ.

ಅಕ್ಕನಿಗಾಗಿ ಲೆಕ್ಕ ಹಾಕಿದೆ. 5 ಲಕ್ಷ ರೂಪಾಯಿ ಡೈರೆಕ್ಟ್‌ನಲ್ಲಿ ವರ್ಷಕ್ಕೆ ಶೇ. 11ರಂತೆ, ರೆಗ್ಯುಲರ್‌ನಲ್ಲಿ ಶೇ. 10ರಂತೆ ಬೆಳೆಯಿತೆಂದುಕೊಳ್ಳೋಣ. 10 ವರ್ಷಕ್ಕೆ ವ್ಯತ್ಯಾಸ ಸುಮಾರು 1.23 ಲಕ್ಷ, 25 ವರ್ಷಕ್ಕೆ ಒಂದು ಕಡೆ ಸುಮಾರು 67.9 ಲಕ್ಷ, ಇನ್ನೊಂದು ಕಡೆ 54.2 ಲಕ್ಷ. ಕಮಿಷನ್ನಾಗಿ ಹೋದ ಹಣ ಮಾತ್ರವಲ್ಲ, ಆ ಹಣ ಉಳಿದಿದ್ದರೆ ದುಡಿಯಬಹುದಾಗಿದ್ದ ವರ್ಷಗಳೂ ಹೋಗಿರುತ್ತವೆ. ನನ್ನನ್ನು ಕಾಡುವುದು ಇದೇ.

ಮಾರುಕಟ್ಟೆ ಕುಸಿದಾಗ ಗಾಬರಿಯಿಂದ ಮಾರದಂತೆ ತಡೆಯುವ ವಿತರಕರಿದ್ದರೆ ಆ ಶುಲ್ಕ ನ್ಯಾಯವಾದದ್ದೇ. ಅಂಥವರಿಲ್ಲದಿದ್ದರೆ ಹೊಸ ಎಸ್ಐಪಿಯನ್ನು ಡೈರೆಕ್ಟ್‌ನಲ್ಲಿ ಆರಂಭಿಸುವುದು ಸುಲಭ. ಹಳೆಯ ಯೂನಿಟ್‌ಗಳನ್ನು ಬದಲಿಸುವುದನ್ನು ಮಾತ್ರ ಮಾರಾಟವೆಂದೇ ಪರಿಗಣಿಸುತ್ತಾರೆ. ಆದ್ದರಿಂದ ಬೇಗ ಮಾರಿದರೆ ಕಡಿತವಾಗುವ ಎಕ್ಸಿಟ್ ಲೋಡ್ ಮತ್ತು ಲಾಭದ ಮೇಲಿನ ತೆರಿಗೆ ಎಷ್ಟಾಗುತ್ತದೆಂದು ನೋಡಿಕೊಂಡು, ಬೇಕಿದ್ದರೆ ಹಂತಹಂತವಾಗಿ ವರ್ಗಾಯಿಸಬೇಕು. ನಿಮ್ಮದು ಯಾವ ಪ್ಲಾನ್ ಎಂಬುದು ಸ್ಟೇಟ್‌ಮೆಂಟಿನಲ್ಲಿ ಯೋಜನೆಯ ಹೆಸರಿನ ಜೊತೆಗೇ ಇರುತ್ತದೆ.