ಕೊನೆಯಲ್ಲಿ ಒಂದು ಕುಣಿಕೆ ಮಿಕ್ಕಿತ್ತು

ನಮ್ಮ ಯೂನಿಟ್ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಮನೆಯ ಮಹಡಿ ಮೇಲೆ. ಒಟ್ಟು ಆರು ಜನ ಹೆಂಗಸರು. ಐದು ಜನ ಕಾಲುಚೀಲ ಹೆಣೆಯುತ್ತಾರೆ, ತುದಿ ಮುಚ್ಚುವುದು ನಾನು. ಮೇಲಿನ ಪಟ್ಟಿಯಿಂದ ಶುರು ಮಾಡಿ, ಹಿಮ್ಮಡಿ ತಿರುಗಿಸಿ, ಬೆರಳಿನ ಕಡೆ ಕಮ್ಮಿ ಮಾಡುತ್ತಾ 64 ಸ್ಟಿಚ್ಚನ್ನು 24ಕ್ಕೆ ಇಳಿಸಿ ನನ್ನ ಮೇಜಿನ ಮೇಲೆ ಇಡುತ್ತಾರೆ. ಪಾದದ ಮೇಲಿನವು 12 ಮುಂದಿನ ಕಡ್ಡಿಯಲ್ಲಿ, ಅಂಗಾಲಿನವು 12 ಹಿಂದಿನ ಕಡ್ಡಿಯಲ್ಲಿ.

ಆ ಎರಡು ಸಾಲನ್ನು ಕುಣಿಕೆಗೆ ಕುಣಿಕೆ ಕೂಡಿಸಬೇಕು. ಸುಮ್ನೆ ನೂಲು ಎಳೆದು ಗಂಟು ಹಾಕಿದರೆ ಬೆರಳಿನ ತುದಿಯಲ್ಲಿ ಉಂಡೆ ಆಗುತ್ತದೆ. ಎರಡನ್ನೂ ಸೇರಿಸಿ ಬೈಂಡ್ ಆಫ್ ಮಾಡಿದರೆ, ಅಂದರೆ ಒಟ್ಟಿಗೆ ಹೆಣೆದು ಮುಚ್ಚಿದರೆ, ಒಳಗೆ ದಿಂಡು ಬರುತ್ತದೆ, ಶೂ ಹಾಕಿದರೆ ಒತ್ತುತ್ತದೆ. ನಾನು ಮಾಡುವುದು ಗ್ರಾಫ್ಟಿಂಗ್, ಅಂದರೆ ಎರಡು ಸಾಲಿನ ಕುಣಿಕೆಗಳನ್ನು ಸೂಜಿ ನೂಲಿನಿಂದ ಕೂಡಿಸುವುದು. ಅದರಲ್ಲಿ ಹಾಗಿಲ್ಲ. ಸೂಜಿ ಹೋದ ದಾರಿಯಲ್ಲಿ ಇನ್ನೊಂದು ಹೆಣಿಗೆ ಸಾಲೇ ಹುಟ್ಟುತ್ತದೆ. ಹೊಲಿಗೆ ಎಲ್ಲಿದೆ ಅಂತ ಹುಡುಕಿದರೂ ಸಿಗಬಾರದು.

ನಿಟ್ ಅಂದರೆ ಸೂಜಿ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ಹೋಗುವುದು, ಪರ್ಲ್ ಅಂದರೆ ಹಿಂದಿನಿಂದ ಮುಂದಕ್ಕೆ. ಮೊದಲ ಸಲ ಮುಂದಿನ ಕುಣಿಕೆಗೆ ಪರ್ಲ್ ಥರ, ಹಿಂದಿನದಕ್ಕೆ ನಿಟ್ ಥರ ಸೂಜಿ ಹಾಕಿ ಎರಡನ್ನೂ ಕಡ್ಡಿಯಲ್ಲೇ ಇರಿಸುತ್ತೇನೆ. ಆಮೇಲೆ ಕೊನೆವರೆಗೂ ಒಂದೇ ಪಾಠ. ಮುಂದೆ: ನಿಟ್ ಹಾಕಿ ಕಡ್ಡಿಯಿಂದ ಬಿಡು, ಪಕ್ಕದ್ದಕ್ಕೆ ಪರ್ಲ್ ಹಾಕಿ ಕಡ್ಡಿಯಲ್ಲೇ ಇರಲಿ. ಹಿಂದೆ: ಪರ್ಲ್ ಹಾಕಿ ಬಿಡು, ಪಕ್ಕದ್ದಕ್ಕೆ ನಿಟ್ ಹಾಕಿ ಇರಲಿ. ನೂಲು ಯಾವಾಗಲೂ ಕಡ್ಡಿಯ ಕೆಳಗಿಂದಲೇ ಹೋಗಬೇಕು. ಮೂರು ವರ್ಷ ನಾನು ಈ ಪಾಠವನ್ನು ಬಾಯಲ್ಲಿ ಗುನುಗಿಕೊಂಡೇ ಕೆಲಸ ಮಾಡಿದೆ. ಕಣ್ಣಿಟ್ಟು ನೋಡಿದ್ದು ಕಮ್ಮಿ.

ಆ ಸಂಜೆ ಮಡಿಕೇರಿಯ ಒಂದು ಹೋಂಸ್ಟೇಯ ಆರ್ಡರ್, 15 ಜೊತೆ, ಮಾರನೇ ದಿನ ಬಸ್ಸಿಗೆ ಹಾಕಬೇಕಿತ್ತು. ಎಲ್ಲಾ ಕಡುನೀಲಿ. ನನ್ನ ಮೇಜಿಗೆ ಒಂದೇ ಟ್ಯೂಬ್‌ಲೈಟ್. ಕಡುನೀಲಿ ನೂಲಿನಲ್ಲಿ ರಾತ್ರಿ ಕುಣಿಕೆ ಕಾಣುವುದೇ ಕಷ್ಟ ಅಂತ ಎಷ್ಟು ಸಲ ಹೇಳಿದ್ದೇನೋ. ಅದರ ಜೊತೆಗೆ ಗಿರಾಕಿಗಳ ಫೋನ್ ಎತ್ತುವ ಕೆಲಸವೂ ನನಗೇ. ನಿನ್ನ ಕೈ ಮಾತ್ರ ಆಗಾಗ ಖಾಲಿ ಇರುತ್ತಲ್ಲ ಅನ್ನುವುದು ಮೇಡಂ ವಾದ. ಸೂಜಿ ಕೆಳಗಿಟ್ಟರೆ ಕೈ ಖಾಲಿ ಆಗುತ್ತದೆ ನಿಜ, ತಲೆ ಖಾಲಿ ಆಗುವುದಿಲ್ಲ.

ಕೊನೆಯ ಜೊತೆಯ ಎರಡನೇ ಚೀಲದಲ್ಲಿ ಅರ್ಧ ದಾರಿಗೆ ಬಂದಿದ್ದೆ. ಫೋನ್ ಬಂತು. ಐದು ನಿಮಿಷ ಸೈಜಿನ ಬಗ್ಗೆ ಮಾತು. ವಾಪಸ್ ಬಂದು ಸೂಜಿ ಎತ್ತಿದೆ. ಪಾಠ ಎಲ್ಲಿ ನಿಂತಿತ್ತು? 'ಮುಂದಿನದು ಮುಗಿಸಿದ್ದೆ, ಈಗ ಹಿಂದಿನದು' ಅಂತ ಮನಸ್ಸು ಹೇಳಿತು. ಹಿಂದಕ್ಕೆ ಪರ್ಲ್ ಹಾಕಿ ಬಿಟ್ಟೆ, ಪಕ್ಕದ್ದಕ್ಕೆ ನಿಟ್ ಹಾಕಿದೆ, ಮುಂದುವರಿದೆ. ಕೊನೆಗೆ ಬಂದಾಗ ಹಿಂದೆ ಒಂದು ಕುಣಿಕೆ, ಮುಂದೆ ಎರಡು.

ಅಲ್ಲೇ ನಿಲ್ಲಬೇಕಿತ್ತು. ನಾನು ತಲೆ ಎತ್ತಿ ಶ್ರೀರಂಗಪಟ್ಟಣದಿಂದ ಬರುವ ಅಕ್ಕನಿಗೆ ಹೇಳಿದೆ, "ಅಕ್ಕ, ಇದರಲ್ಲಿ 13 ಬಿಟ್ಟಿದ್ದೀರಿ ನೋಡಿ."

"ಎರಡು ಸಲ ಎಣಿಸಿ ಕೊಟ್ಟಿದ್ದೀನಿ ಕಣಮ್ಮ," ಅಂದರು ಅಕ್ಕ.

"ಇಲ್ಲಿ ಕಣ್ಣೆದುರಿಗೇ ಒಂದು ಜಾಸ್ತಿ ಇದೆಯಲ್ಲ," ಅಂದೆ. ಅವರು ಮತ್ತೆ ಮಾತಾಡಲಿಲ್ಲ. ನಾನು ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಮುಚ್ಚಿ, ನೂಲು ಒಳಗೆ ಸಿಕ್ಕಿಸಿ ಕತ್ತರಿಸಿದೆ. ಮೂಲೆಯಲ್ಲಿ ಸಣ್ಣ ಗುಬುಟು ಉಳಿಯಿತು. ಮೂಲೆಯಲ್ಲಿ ಅಷ್ಟು ಇದ್ದದ್ದೇ ಅಂದುಕೊಂಡೆ.

ಬೆಳಿಗ್ಗೆ ಒಂಬತ್ತೂವರೆಗೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಚೀಲಗಳನ್ನು ಹಿಂಡಿ ಮರದ ಅಚ್ಚಿಗೆ ಏರಿಸುತ್ತಿದ್ದೆ. ರಾತ್ರಿ ಕೊನೆಗೆ ಮುಚ್ಚಿದ ಆ ಚೀಲವನ್ನು ಎಳೆದಾಗ ಅಂಗಾಲಿನ ಮಧ್ಯೆ ಒಂದು ಕುಣಿಕೆ ಸಾಲು ಸಾಲಾಗಿ ಜಾರಿ ಏಣಿಯ ಹಾಗೆ ಬಿಚ್ಚಿಕೊಂಡಿತು. ನಾಲ್ಕು ಮೆಟ್ಟಿಲು. ಕೈ ತಣ್ಣಗಾಯಿತು. ಉಳಿದವು ಫ್ಯಾನಿನ ಕೆಳಗೆ ಒಣಗಿ, ಸಬರ್ಬನ್ ಸ್ಟ್ಯಾಂಡಿಗೆ ಸಂಜೆ ನಾಲ್ಕರೊಳಗೆ ಹೋಗಬೇಕಿತ್ತು.

ಏಣಿ ಎಲ್ಲಿಂದ ಶುರುವಾಗಿದೆ ಅಂತ ನೋಡಿದಾಗ ಎಲ್ಲಾ ಅರ್ಥವಾಯಿತು. ಫೋನಿಗೆ ಎದ್ದಾಗ ನಾನು ಹಿಂದಿನದನ್ನೂ ಮುಗಿಸಿಯೇ ಎದ್ದಿದ್ದೆ. ಬಂದು ಮತ್ತೆ ಹಿಂದಿನದನ್ನೇ ಮಾಡಿದೆ. ಅಂದರೆ ಒಂದು ಕುಣಿಕೆಯೊಳಗಿಂದ ಹೊರಗೆ ಬಂದ ನೂಲು, ಮುಂದಿನ ಕಡ್ಡಿಗೆ ಹೋಗದೆ, ಅದೇ ಕುಣಿಕೆಯೊಳಗೆ ವಾಪಸ್ ಹೋಯಿತು. ಬಂದ ದಾರಿಯಲ್ಲೇ ಹೋದರೆ ಆ ಕುಣಿಕೆಯನ್ನು ಹಿಡಿಯುವುದು ಯಾವುದು? ಏನೂ ಇಲ್ಲ. ಉಲ್ಲನ್ನಿನ ಜುಂಗು ಒಂದು ರಾತ್ರಿ ಹಿಡಿದಿತ್ತು, ಅಷ್ಟೇ. ನಿಟ್ ಪರ್ಲ್ ಅದಲುಬದಲಾದರೆ ಹೊರಗೆ ಗುಬುಟು ಎದ್ದು ಕಾಣುತ್ತದೆ, ಆಗಲೇ ಗೊತ್ತಾಗುತ್ತದೆ. ಈ ತಪ್ಪು ಮೇಲುನೋಟಕ್ಕೆ ಕಾಣುವುದೇ ಇಲ್ಲ. ಅದು ಹೇಳುವುದು ಒಂದೇ ಕಡೆ, ಕೊನೆಯ ಲೆಕ್ಕದಲ್ಲಿ. ಅದು ಹೇಳಿತ್ತು. ನಾನು ಅಕ್ಕನ ಮೇಲೆ ಹಾಕಿದ್ದೆ.

ಮೊದಲು ಬಿಟ್ಟ ಕುಣಿಕೆಗೆ ಸೇಫ್ಟಿ ಪಿನ್ ಹಾಕಿದೆ, ಇನ್ನೂ ಜಾರದಿರಲಿ ಅಂತ. ಚೀಲವನ್ನು ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದೆ. ಒದ್ದೆ ನೂಲು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬಿಚ್ಚುವಾಗ ಸೀಳುತ್ತದೆ. ಸಣ್ಣ ಕ್ರೋಶೆ ಕಡ್ಡಿಯಿಂದ ಹೊರಮೈ ಕಡೆಯಿಂದ ನಾಲ್ಕು ಮೆಟ್ಟಿಲನ್ನೂ ಒಂದೊಂದಾಗಿ ಏರಿಸಿದೆ. ಕಮ್ಮಿ ಮಾಡಿದ ಜಾಗ ಎರಡು ಅಂಚಿನಲ್ಲಿ ಮಾತ್ರ ಇರುತ್ತದೆ, ಏಣಿ ಮಧ್ಯದಲ್ಲಿತ್ತು, ಅದು ನನ್ನ ಪುಣ್ಯ.

ಆಮೇಲೆ ಗ್ರಾಫ್ಟಿಂಗ್ ಬಿಚ್ಚುವುದು. ಸಿಕ್ಕಿಸಿದ ಬಾಲವನ್ನು ಹೊರಗೆ ತಂದು, ಸೂಜಿಯ ಕಣ್ಣಿನ ಕಡೆಯಿಂದ ನೂಲನ್ನು ಹಿಂದಕ್ಕೆ ಎಳೆಯುತ್ತಾ ಹೋದೆ. ಚೂಪು ತುದಿಯಿಂದ ಎಳೆದರೆ ಎಳೆ ಸೀಳುತ್ತದೆ. ಬಿಡುಗಡೆ ಆದ ಕುಣಿಕೆಯನ್ನು ತಕ್ಷಣ ಒಂದು ಸೈಜು ಸಣ್ಣ ಕಡ್ಡಿಗೆ ಏರಿಸಿದೆ. ಸಣ್ಣ ಕಡ್ಡಿ ಸುಲಭವಾಗಿ ಒಳಗೆ ಹೋಗುತ್ತದೆ. ಹೆಣಿಗೆ ಬಿಗಿಯಾಗುತ್ತದೆ ಅನ್ನುವ ಭಯ ಬೇಡ, ಇಲ್ಲಿ ಕಡ್ಡಿ ಹಿಡಿಯುವುದಕ್ಕೆ ಮಾತ್ರ. ತಪ್ಪಿದ ಜಾಗದವರೆಗೆ ಬಿಚ್ಚಿದಾಗ ಮುಂದೆ 7, ಹಿಂದೆ 6 ಆಯಿತು. ಪಿನ್ನಿನಲ್ಲಿದ್ದದ್ದನ್ನು ಹಿಂದಿನ ಕಡ್ಡಿಗೆ ಹಾಕಿದೆ. 7 ಮತ್ತು 7.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಎರಡು ಕಡ್ಡಿಯಲ್ಲೂ ಲೆಕ್ಕ ಸಮ ಇದ್ದರೆ ಮುಂದಿನದರ ಸರದಿ. ಮುಂದೆ ಒಂದು ಕಮ್ಮಿ ಇದ್ದರೆ ಹಿಂದಿನದರ ಸರದಿ. ನೂಲೂ ಅದನ್ನೇ ಹೇಳುತ್ತದೆ. ಅದು ಯಾವ ಕಡ್ಡಿಯ ಮೊದಲ ಕುಣಿಕೆಯಿಂದ ಹೊರಗೆ ಬಂದಿದೆಯೋ ಆ ಕಡ್ಡಿಯ ಕೆಲಸ ಮುಗಿದಿದೆ, ಈಗ ಇನ್ನೊಂದರದ್ದು. ಫೋನ್ ಇಟ್ಟು ಬಂದಾಗ ಇಷ್ಟು ನೋಡಿದ್ದರೆ ಸಾಕಿತ್ತು. 'ಬಿಡು' ಮತ್ತು 'ಇರಲಿ' ಎರಡರ ಮಧ್ಯೆ ಎದ್ದರೆ ಮಾತ್ರ ಈ ಗುರುತು ಕೆಲಸ ಮಾಡುವುದಿಲ್ಲ. ಈಗ ಫೋನ್ ಎಷ್ಟು ಬಡಿದುಕೊಂಡರೂ ಹಿಂದಿನದೂ ಪೂರ್ತಿ ಮುಗಿದು ಲೆಕ್ಕ ಸಮ ಆಗುವ ತನಕ ನಾನು ಏಳುವುದಿಲ್ಲ.

ಸಡಿಲವಾಗಿಯೇ ಕೊನೆವರೆಗೂ ಹಾಕಿದೆ. ಆಮೇಲೆ ಬಲಗಡೆಯಿಂದ ಸೂಜಿಯ ಮೊನೆಯಲ್ಲಿ ಕುಣಿಕೆಯ ಒಂದೊಂದು ಕಾಲನ್ನೂ ಎತ್ತಿ, ಸಡಿಲವನ್ನು ಎಡಕ್ಕೆ ದಾಟಿಸುತ್ತಾ ಹೋದೆ, ಮೇಲಿನ ಕೆಳಗಿನ ಸಾಲಿನಷ್ಟೇ ಗಾತ್ರ ಬರುವ ತನಕ. ಹಾಕುವಾಗಲೇ ಎಳೆದರೆ ಒಂದು ಬಿಗಿ ಗೆರೆ ಬಿದ್ದುಬಿಡುತ್ತದೆ. ಕೊನೆಗೆ ಮುಂದೆ ಒಂದು, ಹಿಂದೆ ಒಂದು. ಮೂಲೆಯಲ್ಲಿ ಗುಬುಟು ಇಲ್ಲ.

ಅಕ್ಕ ಹತ್ತು ಗಂಟೆಗೆ ಬಂದರು. ಚೀಲ ಅವರ ಕೈಗೆ ಕೊಟ್ಟು, "ನೀವು ಸರಿಯಾಗೇ ಎಣಿಸಿದ್ರಿ ಅಕ್ಕ, ತಪ್ಪು ನಂದು" ಅಂದೆ. ಅವರು ತುದಿಯ ಮೇಲೆ ಹೆಬ್ಬೆರಳು ಆಡಿಸಿದರು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಎಲ್ಲಿ ಬಿಚ್ಚಿದ್ದೆ?" ಅಂತ ಕೇಳಿದರು. ತೋರಿಸೋಣ ಅಂತ ನಾನೂ ಹುಡುಕಿದೆ, ಸಿಗಲಿಲ್ಲ. "ಇನ್ನೊಂದು ಟ್ಯೂಬ್‌ಲೈಟ್ ಕೇಳು ಕಣಮ್ಮ, ನಾನೂ ಜೊತೆಗೆ ಬರ್ತೀನಿ" ಅಂದರು. ಇಬ್ಬರೂ ಹೋಗಿ ಕೇಳಿದೆವು. ಲೈಟ್ ಇನ್ನೂ ಬಂದಿಲ್ಲ. ಕಡುಬಣ್ಣದ ಚೀಲಗಳನ್ನು ಈಗ ನಾನು ಬೆಳಿಗ್ಗೆಯೇ ಮುಚ್ಚುತ್ತೇನೆ.